ರಾಗಿಯ ಲೋಹಗಳನ್ನು ಅಳೆಯಲು ಜ್ವಾಲೆಯೋ ಪ್ಲಾಸ್ಮಾವೋ?

ಅರ್ಧ ಗ್ರಾಂ ರಾಗಿ ಹಿಟ್ಟನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ 50 ಮಿ.ಲೀ.ಗೆ ತಂದರೆ, ಆ ದ್ರಾವಣದ ಒಂದು ಲೀಟರಿಗೆ ಸುಮಾರು 35 ಮಿ.ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಕಬ್ಬಿಣ, ಸತುವು ಅರ್ಧ ಮಿ.ಗ್ರಾಂ ಕೂಡ ಮುಟ್ಟುವುದಿಲ್ಲ. ಆಯ್ಕೆಯ ತೊಡಕು ಈ ಅಂತರದಲ್ಲೇ ಇದೆ.

ಜ್ವಾಲಾ ಪರಮಾಣು ಹೀರಿಕೆಯ ಯಂತ್ರ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಲೋಹವನ್ನು ಅಳೆಯುತ್ತದೆ. ಪ್ರತಿ ಲೋಹಕ್ಕೂ ಅದರದೇ ದೀಪ ಬೇಕು. ಕ್ಯಾಲ್ಸಿಯಂ ಅಳೆಯಲು ದ್ರಾವಣವನ್ನು ಹತ್ತು ಪಟ್ಟು ತೆಳುಗೊಳಿಸಬೇಕು. ಜೊತೆಗೆ, ರಾಗಿಯ ಫಾಸ್ಫೇಟ್ ಕ್ಯಾಲ್ಸಿಯಂ ಅನ್ನು ಬಿಗಿಯಾಗಿ ಹಿಡಿದಿಡುವುದರಿಂದ 2,300 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಜ್ವಾಲೆ ಅದನ್ನು ಪೂರ್ತಿ ಬಿಡಿಸಲಾರದು, ಫಲಿತಾಂಶ ಕಡಿಮೆ ಬರುತ್ತದೆ. ಲ್ಯಾಂಥನಮ್ ಸೇರಿಸಿದ ಮೇಲೆ ಅಂಕಿ ಏರಿದರೆ ದೋಷ ಇದೇ ಎಂದು ತಿಳಿಯಬಹುದು.

ಹಲವು ಸಾವಿರ ಡಿಗ್ರಿಯ ಆರ್ಗಾನ್ ಪ್ಲಾಸ್ಮಾದಲ್ಲಿ ಆ ಬಂಧ ಉಳಿಯುವುದಿಲ್ಲ. ಎಲ್ಲ ಲೋಹಗಳ ಬೆಳಕನ್ನೂ ಒಟ್ಟಿಗೆ ಓದಬಹುದು, ಆದರೆ ರೇಖೆಗಳು ಒಂದರ ಮೇಲೊಂದು ಬೀಳುವ ಅಪಾಯವಿದೆ. ಒಂದೇ ಲೋಹದ ಎರಡು ತರಂಗಾಂತರಗಳ ಉತ್ತರ ಬೇರೆಯಾದರೆ ಅನುಮಾನಿಸಬೇಕು. ಆರ್ಗಾನ್ ಖರ್ಚೂ ದೊಡ್ಡದು.

ಅಪರೂಪಕ್ಕೆ ಒಂದೆರಡು ಲೋಹ ಅಳೆಯುವವರಿಗೆ ಜ್ವಾಲೆ ಸಾಕು. ದಿನವೂ ಹತ್ತಾರು ಮಾದರಿಗಳಲ್ಲಿ ಐದಾರು ಲೋಹ ಬೇಕಾದರೆ ಪ್ಲಾಸ್ಮಾವೇ ಸರಿ. ಧಾನ್ಯದಲ್ಲಿ ಕಿಲೋಗೆ 0.2 ಮಿ.ಗ್ರಾಂ ಮಿತಿಯ ಸೀಸವನ್ನು ಮಾತ್ರ ಇಷ್ಟು ತೆಳು ದ್ರಾವಣದಲ್ಲಿ ಈ ಎರಡನ್ನೂ ನಂಬಿ ಅಳೆಯಬಾರದು. ಅದಕ್ಕೆ ಗ್ರಾಫೈಟ್ ಕುಲುಮೆ ಅಥವಾ ಪ್ಲಾಸ್ಮಾ ಮಾಸ್ ಸ್ಪೆಕ್ಟ್ರೋಮೀಟರ್ ಬೇಕು.