ಮೊದಲು ಲೋಟ, ಆಮೇಲೆ ಬತ್ತಿ

ಮನೆಯಲ್ಲಿ ಮೇಣದಬತ್ತಿ ಮಾಡಲು ಹೊರಟವರು ಮೊದಲು ಮೇಣ ತರುತ್ತಾರೆ, ಜೊತೆಗೆ ಬಣ್ಣ, ಪರಿಮಳದ ಎಣ್ಣೆ. ಬತ್ತಿ ಅಂಗಡಿಯವರು ಕೊಟ್ಟಿದ್ದು, ಲೋಟ ಅಟ್ಟದ ಮೇಲಿದ್ದದ್ದು. ಆಗುವುದೇನೆಂದರೆ, ಹಚ್ಚಿದ ಮೊದಲ ಸಂಜೆಯೇ ಬತ್ತಿಯ ಸುತ್ತ ಒಂದು ಬಾವಿ ಕೊರೆದುಕೊಂಡು ಜ್ವಾಲೆ ಒಳಗಿಳಿಯುತ್ತದೆ, ಅಂಚಿನ ಮೇಣ ಕರಗದೆ ಗೋಡೆಯಂತೆ ನಿಲ್ಲುತ್ತದೆ. ಇಲ್ಲವೇ ಜ್ವಾಲೆ ಉದ್ದವಾಗಿ ಕುಣಿದು, ಗಾಜಿನ ಬಾಯಿಗೆಲ್ಲ ಮಸಿ ಹಿಡಿಯುತ್ತದೆ. ಎರಡರಲ್ಲೂ ದೂರು ಬೀಳುವುದು ಮೇಣದ ಮೇಲೆ. ತಪ್ಪು ಮಾತ್ರ ಹೆಚ್ಚಿನ ಸಲ ಲೋಟಕ್ಕೂ ಬತ್ತಿಗೂ ಹೊಂದಿಕೆಯಾಗದ್ದರಲ್ಲಿ ಇರುತ್ತದೆ.

ಉರಿಯುವುದು ಬತ್ತಿಯಲ್ಲ, ಮೇಣ. ಜ್ವಾಲೆಯ ಬಿಸಿಗೆ ಮೇಣ ಕರಗಿ ಬತ್ತಿಯ ಬುಡದಲ್ಲಿ ಒಂದು ಕೊಳ ಕಟ್ಟುತ್ತದೆ, ಆ ದ್ರವವನ್ನು ಬತ್ತಿಯ ಎಳೆಗಳು ಮೇಲಕ್ಕೆ ಹೀರುತ್ತವೆ, ತುದಿಯಲ್ಲಿ ಅದು ಆವಿಯಾಗಿ ಉರಿಯುತ್ತದೆ. ಬತ್ತಿ ದಪ್ಪವಾದಷ್ಟೂ ಮೇಣ ಹೆಚ್ಚು ಹೀರುತ್ತದೆ, ಜ್ವಾಲೆ ದೊಡ್ಡದಾಗುತ್ತದೆ, ಕೊಳ ಅಗಲವಾಗುತ್ತದೆ. ನಮಗೆ ಬೇಕಾದದ್ದು ಲೋಟದ ಒಳಅಂಚನ್ನು ಮೆಲ್ಲಗೆ ಮುಟ್ಟುವ, ಒಂದು ಸೆಂಟಿಮೀಟರಿಗಿಂತ ಹೆಚ್ಚು ಆಳವಾಗದ ಕೊಳ. ಹಾಗಾಗಿ ಮೊದಲು ಅಳೆಯಬೇಕಾದದ್ದು ಲೋಟದ ಒಳಗಿನ ಅಗಲ. ಎತ್ತರದ ಲೆಕ್ಕ ಬತ್ತಿಯ ಉದ್ದಕ್ಕೆ ಮಾತ್ರ.

ದೇವರ ದೀಪದ ಹೂಬತ್ತಿಯನ್ನೇ ಹಾಕಬಾರದೇ ಎಂದು ಕೇಳುವವರುಂಟು. ಅದು ಎಣ್ಣೆಗೆ ಸರಿ. ಅಲ್ಲಿ ಇಂಧನ ಮೊದಲೇ ದ್ರವವಾಗಿದೆ, ಬತ್ತಿ ಹಣತೆಗೆ ಒರಗಿ ನಿಂತಿದೆ. ಕರಗಿದ ಮೇಣದಲ್ಲಿ ಸಡಿಲವಾಗಿ ಹೊಸೆದ ಹತ್ತಿ ಬಾಗಿ ಮುಳುಗುತ್ತದೆ, ನೆಟ್ಟಗೆ ನಿಂತರೂ ತುದಿ ಕರಕಲಾಗಿ ಬೆಳೆಯುತ್ತಾ ಹೋಗುತ್ತದೆ. ಮೇಣಕ್ಕೆ ಜಡೆಯಂತೆ ಹೆಣೆದ ಬತ್ತಿ ಬೇಕು. 1820ರ ದಶಕದಲ್ಲಿ ಫ್ರಾನ್ಸಿನ ಕ್ಯಾಂಬಸೆರೆಸ್ ತಂದ ಉಪಾಯವಿದು. ಹೆಣೆದ ಬತ್ತಿ ಉರಿಯುತ್ತಾ ಒಂದು ಕಡೆಗೆ ಬಾಗುತ್ತದೆ, ತುದಿ ಜ್ವಾಲೆಯ ಹೊರ ಅಂಚಿನ ಬಿಸಿಗೆ ಸಿಕ್ಕಿ ತಾನೇ ಸುಟ್ಟುಹೋಗುತ್ತದೆ. ಅದಕ್ಕೂ ಮೊದಲು ಮನೆಮನೆಯಲ್ಲಿ ಕತ್ತರಿ ಹಿಡಿದು ಕರಕಲು ಕತ್ತರಿಸುತ್ತಾ ಕೂರಬೇಕಿತ್ತು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ನೆಟ್ಟಗೆ ನಿಂತ ದಪ್ಪ ಗಾಜಿನ ಲೋಟ, ಒಳ ಅಗಲ 7 ಸೆಂಟಿಮೀಟರ್. ಎಲ್ಲಿಯವರೆಗೆ ಮೇಣ ಬೇಕೋ ಅಲ್ಲಿಯವರೆಗೆ ನೀರು ತುಂಬಿ ಆ ನೀರನ್ನು ತೂಗಿ: 200 ಗ್ರಾಂ ಬಂತು ಎನ್ನಿ. ಮೇಣ ನೀರಿಗಿಂತ ಹಗುರ, ಆದ್ದರಿಂದ ಸುಮಾರು 175 ಗ್ರಾಂ ಸಾಕು. ಅದರಲ್ಲಿ 165 ಗ್ರಾಂ ಸೋಯಾ ಮೇಣ, 10 ಗ್ರಾಂ ಪರಿಮಳದ ಎಣ್ಣೆ. ಎಣ್ಣೆ ಜಾಸ್ತಿ ಸುರಿದರೆ ಘಮ ಜಾಸ್ತಿಯಾಗುವುದಿಲ್ಲ. ಮೇಣ ಹಿಡಿದಿಟ್ಟುಕೊಳ್ಳಲಾರದ್ದು ಮೇಲೆ ಬೆವರಿನಂತೆ ನಿಲ್ಲುತ್ತದೆ, ಬತ್ತಿಯ ಎಳೆಗಳೂ ಕಟ್ಟಿಕೊಳ್ಳುತ್ತವೆ. ಲೋಟವನ್ನು ಒಣಗಿಸಿ, ತವರದ ಬಿಲ್ಲೆ ಕಚ್ಚಿಸಿದ ಬತ್ತಿಯನ್ನು ನಟ್ಟನಡುವೆ ಅಂಟಿಸಿ, ಬಾಯಿಗೆ ಅಡ್ಡಲಾಗಿ ಐಸ್‌ಕ್ರೀಮ್ ಕಡ್ಡಿ ಇಟ್ಟು ನೆಟ್ಟಗೆ ನಿಲ್ಲಿಸಬೇಕು. ಬತ್ತಿ ಅರ್ಧ ಸೆಂಟಿಮೀಟರ್ ವಾಲಿದರೂ ಒಂದು ಪಕ್ಕದ ಗಾಜು ಕಾದು, ಇನ್ನೊಂದು ಪಕ್ಕದ ಮೇಣ ಹಾಗೇ ಉಳಿಯುತ್ತದೆ.

ಮೇಣವನ್ನು ನೇರ ಉರಿಯ ಮೇಲಿಡಬೇಡಿ. ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಮೇಣದ ಪಾತ್ರೆ ಇಡಿ. ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕುವುದು ದಂಡ. ಸೋಯಾ 80ರಿಂದ 85 ಡಿಗ್ರಿಗೆ ಬಂದಾಗ ಒಲೆ ಆರಿಸಿ, ಎಣ್ಣೆ ಹಾಕಿ ಎರಡು ನಿಮಿಷ ನಿಧಾನವಾಗಿ ಕಲಕಿ. ಆಮೇಲೆ 55ರಿಂದ 60 ಡಿಗ್ರಿಗೆ ಇಳಿಯುವವರೆಗೆ ಕಾಯಬೇಕು. ಈ ಕಾಯುವಿಕೆಗೆ ಕಾರಣವಿದೆ. ಮೇಣ ತಣಿಯುತ್ತಾ ಕುಗ್ಗುತ್ತದೆ. ತೀರಾ ಬಿಸಿಯಾಗಿ ಸುರಿದರೆ ಹೆಚ್ಚು ಕುಗ್ಗಿ ಗಾಜಿನಿಂದ ಬಿಟ್ಟುಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಅಲ್ಲಲ್ಲಿ ಒದ್ದೆಯಾದಂತೆ ಕಲೆ, ಬತ್ತಿಯ ಬುಡದಲ್ಲಿ ಗುಳಿ. ತೀರಾ ತಣ್ಣಗಾದ ಮೇಲೆ ಸುರಿದರೆ ಮೇಲ್ಮೈ ಗಂಟುಗಂಟು. ಗಾಜೂ ಉಗುರುಬೆಚ್ಚಗಿರಲಿ, ಸುರಿದ ಮೇಲೆ ಫ್ಯಾನ್ ಗಾಳಿ ಬೇಡ. ಮೇಲೆ ಹಿಮದಂತಹ ಬಿಳಿ ಚಿತ್ತಾರ ಮೂಡಿದರೆ ಗಾಬರಿ ಬೇಡ, ಅದು ಸೋಯಾದ ಸ್ವಭಾವ, ಉರಿಯುವುದಕ್ಕೆ ಅಡ್ಡಿಯಿಲ್ಲ.

ಮೇಣ ಬದಲಾದರೆ ಈ ಅಂಕಿಗಳೂ ಬದಲಾಗುತ್ತವೆ. ಲೋಟಕ್ಕೆಂದು ಮಾರುವ ಮೃದು ಪ್ಯಾರಫಿನ್ನನ್ನು 70 ಡಿಗ್ರಿಯ ಆಸುಪಾಸಿನಲ್ಲಿ ಸುರಿಯಬೇಕು, ಅದು ಜಾಸ್ತಿ ಕುಗ್ಗುವುದರಿಂದ ಸ್ವಲ್ಪ ಮೇಣ ಉಳಿಸಿಕೊಂಡು ಗುಳಿಗೆ ಎರಡನೇ ಸಲ ಹಾಕಬೇಕು. ಜೇನುಮೇಣ ಕರಗುವುದೇ 62ರಿಂದ 65 ಡಿಗ್ರಿಗೆ. ಕರಗಿದರೂ ಮಂದ, ಬತ್ತಿಗೆ ಹತ್ತುವುದು ಕಷ್ಟ. ಅದೇ ಲೋಟಕ್ಕೆ ಪ್ಯಾರಫಿನ್‌ಗಿಂತ ಜೇನುಮೇಣಕ್ಕೆ ದಪ್ಪ ಬತ್ತಿ ಬೇಕಾಗುವುದು ಇದರಿಂದಲೇ. ಲೋಟದ ಸೋಯಾ 50 ಡಿಗ್ರಿಯ ಸುತ್ತಮುತ್ತಲೇ ಕರಗುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಸಂಜೆಗೆ ನೀರಾಗಿರುತ್ತದೆ.

ಇನ್ನು ಬತ್ತಿಯ ಅಳತೆ. ಮಾರುವವರು ಅಗಲಕ್ಕೆ ತಕ್ಕ ಪಟ್ಟಿ ಕೊಡುತ್ತಾರೆ, ಅದನ್ನು ಆರಂಭ ಎಂದಷ್ಟೇ ತಿಳಿಯಿರಿ. ಪಟ್ಟಿ ಮಾಡಿದವರಿಗೆ ನಿಮ್ಮ ಎಣ್ಣೆ ಯಾವುದೆಂದು ಗೊತ್ತಿಲ್ಲ. ನಮ್ಮ 7 ಸೆಂಟಿಮೀಟರ್ ಲೋಟಕ್ಕೆ ಪಟ್ಟಿ ಹೇಳಿದ್ದು, ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ, ಒಂದು ಮೆಟ್ಟಿಲು ಹೆಚ್ಚು, ಹೀಗೆ ಮೂರು ಬತ್ತಿಯಲ್ಲಿ ಒಂದೇ ತರಹದ ಮೂರು ಲೋಟ ಮಾಡಿ ಒಂದೆರಡು ವಾರ ಬಿಡಿ. ಆಮೇಲೆ ಬತ್ತಿಯನ್ನು 6 ಮಿಲಿಮೀಟರಿಗೆ ಕತ್ತರಿಸಿ, ಗಾಳಿಯಾಡದ ಕಡೆ ಹಚ್ಚಿ, ಮೂರು ಗಂಟೆ ಪಕ್ಕದಲ್ಲೇ ಇರಿ. ಲೋಟದ ಪ್ರತಿ ಇಂಚು ಅಗಲಕ್ಕೆ ಒಂದು ಗಂಟೆ ಎಂಬ ಲೆಕ್ಕ ಇದು.

ಮೂರು ಗಂಟೆಗೆ ಸುತ್ತ ದಪ್ಪಗೆ ಗಟ್ಟಿ ಮೇಣ ಉಳಿದರೆ ಬತ್ತಿ ಸಣ್ಣದು. ಸುತ್ತಲೂ ತೆಳ್ಳಗೆ ಒಂದು ಅಂಚು ಮಾತ್ರ ಉಳಿದಿದೆಯೇ? ಸಾಮಾನ್ಯವಾಗಿ ಅದೇ ಸರಿಯಾದದ್ದು. ಜ್ವಾಲೆ ಕೆಳಗಿಳಿದಂತೆ ಗಾಜಿನೊಳಗೆ ಬಿಸಿ ಕೂಡಿಕೊಳ್ಳುತ್ತದೆ, ಮುಂದಿನ ಸಲಗಳಲ್ಲಿ ಆ ಅಂಚೂ ಕರಗುತ್ತದೆ. ಒಂದೇ ಗಂಟೆಗೆ ಅಂಚು ಮುಟ್ಟಿ, ಕೊಳ ಆಳವಾಗಿ, ಬತ್ತಿಯ ತುದಿಗೆ ಅಣಬೆಯಂತೆ ಕರಿ ಗಂಟು ಕಟ್ಟಿ, ಲೋಟ ಕೈಯಲ್ಲಿ ಹಿಡಿಯಲಾಗದಷ್ಟು ಕಾದರೆ ಬತ್ತಿ ದೊಡ್ಡದು. ಅಂಥದ್ದು ಅರ್ಧ ಲೋಟ ಇಳಿದ ಮೇಲೆ ಇನ್ನೂ ಕೆಡುತ್ತದೆ. ಹೀಗಾಗಿ ಮೊದಲ ಸಂಜೆ ನೋಡಿ ತೀರ್ಪು ಕೊಡದೆ ತಳದವರೆಗೂ ಉರಿಸಿ ನೋಡಬೇಕು.

ಕೆಳಗೆ ಕಿರಿದಾಗುವ ಚಹಾ ಗ್ಲಾಸು ಎಷ್ಟೇ ಚೆಂದವಿದ್ದರೂ ನಾನದನ್ನು ಆರಿಸುವುದಿಲ್ಲ. ಬಾಯಿಯ ಅಗಲಕ್ಕೆ ಸರಿಯಾದ ಬತ್ತಿ ತಳಕ್ಕೆ ಬರುವಷ್ಟರಲ್ಲಿ ಅತಿಯಾಗಿರುತ್ತದೆ, ತೆಳು ಗಾಜು ಸಿಡಿಯುವುದೂ ಅಲ್ಲೇ. ಸ್ಟೀಲ್ ಲೋಟ ಒಡೆಯುವುದಿಲ್ಲ, ಆದರೆ ಹೊರಮೈ ಬೇಗ ಕಾಯುತ್ತದೆ, ಕೆಳಗೆ ಮರದ ಹಲಗೆ ಬೇಕು. ಗ್ಲೇಜ್ ಇಲ್ಲದ ಮಣ್ಣಿನ ಕುಡಿಕೆ ಮಾತ್ರ ಬೇಡವೇ ಬೇಡ: ಮಣ್ಣು ಮೇಣವನ್ನು ಹೀರಿ, ಕುಡಿಕೆಯ ಅಂಚೇ ಬತ್ತಿಯಾಗಿ ಹೊತ್ತಿಕೊಳ್ಳಬಹುದು. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ಹಾಕಿದ ನೀರು ತಟ್ಟನೆ ಆವಿಯಾಗಿ ಉರಿಯುವ ಮೇಣವನ್ನೇ ಸುತ್ತ ಎರಚುತ್ತದೆ. ಲೋಹದ ಮುಚ್ಚಳ ಮುಚ್ಚಿ ಗಾಳಿ ತಪ್ಪಿಸಬೇಕು.

ತಳದಲ್ಲಿ ಒಂದು ಸೆಂಟಿಮೀಟರ್ ಮೇಣ ಉಳಿದಾಗ ಮತ್ತೆ ಹಚ್ಚಬೇಡಿ, ಬಿಸಿ ನೇರವಾಗಿ ಗಾಜಿನ ತಳಕ್ಕೆ ತಾಗುತ್ತದೆ. ಲೋಟವನ್ನು ಬಿಸಿನೀರಿನಲ್ಲಿ ನಿಲ್ಲಿಸಿದರೆ ಆ ಮೇಣ ಬಿಟ್ಟುಕೊಳ್ಳುತ್ತದೆ. ಹಳೆಯ ಪೇಪರಿನಿಂದ ಒರೆಸಿ ತೆಗೆಯಿರಿ, ಸಿಂಕಿಗೆ ಸುರಿದರೆ ಪೈಪಿನೊಳಗೆ ಹೆಪ್ಪುಗಟ್ಟಿ ಪ್ಲಂಬರನ್ನು ಕರೆಸಬೇಕಾಗುತ್ತದೆ.