ಬಿಸಿಯೂಟಕ್ಕೆ ಯಾವ ನೀರು?

ಪಾವಗಡ ಸೀಮೆಯ ಒಂದು ಸರ್ಕಾರಿ ಶಾಲೆ. ಅಲ್ಲಿ ಮಳೆನೀರಿನ ತೊಟ್ಟಿ ಕಟ್ಟಿಸಲು ಸಣ್ಣ ಸಂಸ್ಥೆಯೊಂದು ಕಂಪನಿಯ ಸಿಎಸ್‌ಆರ್ ನಿಧಿ ಕೇಳುತ್ತಿದೆ ಎಂದುಕೊಳ್ಳೋಣ. ಈ ಶಾಲೆ, ಅದರ ಅಂಕಿಗಳು ಉದಾಹರಣೆಗಾಗಿ ಕಲ್ಪಿಸಿಕೊಂಡವು. ಕೊಳವೆಬಾವಿಯ ಫ್ಲೋರೈಡ್ ಮಾತ್ರ ಆ ಸೀಮೆಯ ನಿಜವಾದ ತೊಂದರೆ.

ಅರ್ಜಿಯ ‘ಸಮಸ್ಯೆಯ ವಿವರಣೆ’ ಮೊದಲ ಕರಡಿನಲ್ಲಿ ಹೀಗಿದೆ: “ಗ್ರಾನೈಟ್ ಶಿಲಾಸ್ತರಗಳ ಅಂತರ್ಜಲದಲ್ಲಿ ಫ್ಲೋರೈಡ್ ಸಾಂದ್ರತೆ ಲೀಟರಿಗೆ 3.2 ಮಿಲಿಗ್ರಾಂ ಇದ್ದು, ಡೀನ್ ಸೂಚ್ಯಂಕದನ್ವಯ ದಂತ ಫ್ಲೋರೋಸಿಸ್ ವ್ಯಾಪಕವಾಗಿದೆ. ಶಾಲೆಯಲ್ಲಿ ಮಳೆನೀರು ಸಂಗ್ರಹ ವ್ಯವಸ್ಥೆಯ ಕೊರತೆಯಿದೆ.”

ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಓದುವವರು ಯಾರು? 2013ರ ಕಂಪನಿ ಕಾಯ್ದೆಯಡಿ ರಚನೆಯಾಗುವ ಸಿಎಸ್‌ಆರ್ ಸಮಿತಿಯಲ್ಲಿ ಕೂರುವವರು ಕಂಪನಿಯ ನಿರ್ದೇಶಕರು. ಲೆಕ್ಕಪತ್ರ ಬಲ್ಲವರು, ಕಾನೂನು ಬಲ್ಲವರು ಇರಬಹುದು. ನೀರಿನ ರಸಾಯನ ಬಲ್ಲವರು ಇರುತ್ತಾರೆಂಬ ಭರವಸೆ ಇಲ್ಲ. ಅಂಥವರಿಗೆ 3.2 ಎಂಬುದು ದೊಡ್ಡದೋ ಚಿಕ್ಕದೋ ತಿಳಿಯದು. ಭಾರತೀಯ ಮಾನಕ ಬ್ಯೂರೋ ಬೇರೆ ನೀರಿಲ್ಲದಿದ್ದಾಗಲೂ ಒಪ್ಪುವ ಮಿತಿ 1.5. “ಮಿತಿಯ ಎರಡು ಪಟ್ಟಿಗಿಂತ ಹೆಚ್ಚು” ಎಂದರೆ ಆ ಅಂಕಿಗೆ ಅರ್ಥ ಬರುತ್ತದೆ. ಡೀನ್ ಸೂಚ್ಯಂಕ ಹಲ್ಲಿನ ಕಲೆಯ ತೀವ್ರತೆ ಅಳೆಯುವ ಪಟ್ಟಿ. ಅದರ ಹೆಸರು ಅನುಬಂಧಕ್ಕೆ ಹೋಗಲಿ, ಮಕ್ಕಳ ಹಲ್ಲು ಹೇಗೆ ಕಾಣುತ್ತದೆ ಎಂಬುದು ಇಲ್ಲಿರಲಿ.

ಕೊನೆಯ ವಾಕ್ಯ ಇದಕ್ಕಿಂತ ದೊಡ್ಡ ತಪ್ಪು. ತೊಟ್ಟಿ ಇಲ್ಲದಿರುವುದು ಸಮಸ್ಯೆಯಲ್ಲ. ತೊಟ್ಟಿ ಸಂಸ್ಥೆ ಯೋಚಿಸಿರುವ ಪರಿಹಾರ. ಪರಿಹಾರದ ಗೈರುಹಾಜರಿಯನ್ನೇ ಸಮಸ್ಯೆ ಎಂದು ಬರೆದರೆ, ‘ಏಕೆ ಬೇಕು’ ಎಂಬ ಪ್ರಶ್ನೆಗೆ ‘ಇಲ್ಲವಾದ್ದರಿಂದ ಬೇಕು’ ಎಂದಷ್ಟೇ ಉತ್ತರಿಸಿದಂತಾಗುತ್ತದೆ. ಇಂಥ ವಾಕ್ಯವನ್ನು ಪತ್ತೆ ಮಾಡುವುದು ಸುಲಭ: ‘ಕೊರತೆ’, ‘ಅಭಾವ’ ಎಂಬ ಪದದ ಹಿಂದೆ ಸಂಸ್ಥೆ ಕಟ್ಟಲು ಹೊರಟಿರುವ ವಸ್ತುವಿನ ಹೆಸರೇ ಇರುತ್ತದೆ.

ಇನ್ನು, ಹೊರಗಿನ ಓದುಗ ಖಂಡಿತ ಕೇಳುವ ಒಂದು ಪ್ರಶ್ನೆ ಕರಡಿನಲ್ಲಿ ಬಂದೇ ಇಲ್ಲ. ಊರಲ್ಲಿ ಶುದ್ಧ ನೀರಿನ ಘಟಕ ಇದೆಯಲ್ಲ, ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳಬಹುದಲ್ಲ? ಇದನ್ನು ಮುಚ್ಚಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ. ಬಿಚ್ಚಿ ಹೇಳಿದರೆ ಅದೇ ಅರ್ಜಿಯ ಜೀವಾಳ. ನಮ್ಮ ಉದಾಹರಣೆಯ ಊರಲ್ಲಿ ಮನೆಗಳಿಗೆ ಕುಡಿಯುವ ನೀರು ಘಟಕದಿಂದ ಬರುತ್ತದೆ, ಶಾಲೆಯ ನಲ್ಲಿ ಮತ್ತು ಬಿಸಿಯೂಟದ ಪಾತ್ರೆಗೆ ಕೊಳವೆಬಾವಿಯ ನೀರೇ ಗತಿ. ಕುದಿಸಿದರೆ ಫ್ಲೋರೈಡ್ ಹೋಗದು. ಆವಿಯಾಗುವುದು ನೀರು, ಫ್ಲೋರೈಡ್ ಅನ್ನ ಸಾರಿನಲ್ಲೇ ಉಳಿಯುತ್ತದೆ. ಬಣ್ಣ, ರುಚಿ, ವಾಸನೆ ಯಾವುದೂ ಅದರ ಸುಳಿವು ಕೊಡುವುದಿಲ್ಲ.

‘ಈಗಲೇ ಏಕೆ?’ ಎಂಬುದಕ್ಕೂ ಹಲ್ಲೇ ಉತ್ತರ ಕೊಡುತ್ತದೆ. ಶಾಶ್ವತ ಹಲ್ಲುಗಳ ಹೊರಕವಚ ವಸಡಿನೊಳಗೆ ರೂಪುಗೊಳ್ಳುವುದು ಸುಮಾರು ಎಂಟು ವರ್ಷದವರೆಗೆ. ಆಗ ಆದ ಹಾನಿ ಆಮೇಲೆ ಒಳ್ಳೆಯ ನೀರು ಕುಡಿದರೂ ಮಾಯುವುದಿಲ್ಲ. ಇದನ್ನು ಬರೆಯಲು ಕೂತಾಗಲೇ ಇನ್ನೊಂದು ವಿಷಯ ಹೊಳೆಯುತ್ತದೆ: ಐದು, ಆರನೇ ತರಗತಿಯವರಿಗಿಂತ ಶಾಲೆಯ ಆವರಣದಲ್ಲೇ ಇರುವ ಅಂಗನವಾಡಿ ಮಕ್ಕಳಿಗೆ ಅಪಾಯ ಹೆಚ್ಚು. ಮೊದಲ ಕರಡಿನಲ್ಲಿ ಅವರ ಸುದ್ದಿಯೇ ಇರಲಿಲ್ಲ. ವಿವರಣೆಯನ್ನು ತಿದ್ದುವಾಗ ಯೋಜನೆಯೂ ತಿದ್ದಿಹೋಗುವುದು ಹೀಗೆ.

ತಿದ್ದಿದ ಕರಡು: “ಈ ಶಾಲೆಯ 84 ಮಕ್ಕಳು ಮತ್ತು ಆವರಣದ ಅಂಗನವಾಡಿಯ 22 ಮಕ್ಕಳು ಕುಡಿಯುವ, ಅವರಿಗೆ ಅಡುಗೆ ಮಾಡುವ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿಯ ಎರಡು ಪಟ್ಟಿಗಿಂತ ಹೆಚ್ಚಿದೆ. ಕುದಿಸಿದರೆ ಅದು ಹೋಗುವುದಿಲ್ಲ. ದಂತವೈದ್ಯರು ಪರೀಕ್ಷಿಸಿದ 60 ಮಕ್ಕಳಲ್ಲಿ 37 ಮಂದಿಯ ಹಲ್ಲಿನಲ್ಲಿ ಕಂದು ಅಥವಾ ಸುಣ್ಣದಂಥ ಬಿಳಿ ಕಲೆಗಳಿವೆ. ಅವು ತಾವಾಗಿ ಹೋಗುವಂಥವಲ್ಲ. ಊರಿನ ಶುದ್ಧ ನೀರಿನ ಘಟಕದಿಂದ ಮನೆಗಳಿಗೆ ನೀರು ಸಿಗುತ್ತಿದೆ. ಶಾಲೆಯ ಅಡುಗೆಗೆ ಸಿಗುತ್ತಿಲ್ಲ.”

ತೊಟ್ಟಿಯ ಮಾತು ಇಲ್ಲಿಲ್ಲ, ಅದು ಮುಂದಿನ ಭಾಗದ್ದು. ಊರಿನ ಹಿರಿಯರ ಮಂಡಿನೋವನ್ನೂ ಇಲ್ಲಿಗೆ ತಂದಿಲ್ಲ. ಫ್ಲೋರೈಡ್ ಮೂಳೆಗಳನ್ನೂ ಕೆಡಿಸುತ್ತದೆ, ನಿಜ. ಆದರೆ ಎಲ್ಲ ಮಂಡಿನೋವೂ ಅದರಿಂದಲೇ ಬರುವುದಿಲ್ಲ. ಪರೀಕ್ಷೆಯಿಲ್ಲದೆ ಹಾಗೆ ಬರೆದರೆ, ಸಮಿತಿಯಲ್ಲಿ ಒಬ್ಬ ವೈದ್ಯರಿದ್ದರೂ ಸಾಕು, ಉಳಿದ ಅಂಕಿಗಳ ಮೇಲಿನ ನಂಬಿಕೆಯೂ ಹೋದೀತು.

ಅರ್ಜಿ ಕಳಿಸುವ ಮುನ್ನ ಈ ಭಾಗವನ್ನು ನೀರಿನ ಕೆಲಸಕ್ಕೆ ಸಂಬಂಧವೇ ಇಲ್ಲದ ಒಬ್ಬರಿಗೆ, ಬ್ಯಾಂಕಿನಲ್ಲಿರುವ ಅಕ್ಕನಿಗೋ ಅಂಗಡಿ ನಡೆಸುವ ಗೆಳೆಯನಿಗೋ, ಒಮ್ಮೆ ಓದಲು ಕೊಡಿ. ಹಾಳೆ ವಾಪಸು ತೆಗೆದುಕೊಂಡು, ಯಾರಿಗೆ ಏನಾಗುತ್ತಿದೆ ಎಂದು ಕೇಳಿ. “ಅಲ್ಲಿ ನೀರು ಸರಿಯಿಲ್ಲವಂತೆ” ಎಂದಷ್ಟೇ ಹೇಳಿದರೆ ಕರಡನ್ನು ಮತ್ತೆ ತಿದ್ದಬೇಕು. “ಮಕ್ಕಳಿಗೆ ಅನ್ನ ಮಾಡುವ ನೀರಿನಿಂದಲೇ ಹಲ್ಲು ಹಾಳಾಗುತ್ತಿದೆಯಂತೆ” ಎಂದರೆ ಅರ್ಜಿ ಕಳಿಸಬಹುದು.