ಸಕ್ಕರೆಯಲ್ಲಿ ಹೋದದ್ದು ಚಹಾಪುಡಿಯಲ್ಲಿ ಬರಬೇಕು

ದೇಸೂರಿನವರಿಗೆ ಬೆಳಗಾವಿ ಪೇಟೆ ಹತ್ತಿರ, ಸಕ್ಕರೆ ರೇಟು ಎಲ್ಲರಿಗೂ ಗೊತ್ತು. ಅದಕ್ಕೇ ಕಿರಾಣಿ ಅಂಗಡಿಯಲ್ಲಿ ಗಿರಾಕಿ ಕರೆಯಲು ಸಕ್ಕರೆಯನ್ನೇ ನಷ್ಟಕ್ಕೆ ಇಡುವುದುಂಟು.

ನಾವೇ ಲೆಕ್ಕ ಹಾಕಿ ನೋಡೋಣ. ಕಿಲೋಗೆ 42 ರೂಪಾಯಿ ಬಿದ್ದ ಸಕ್ಕರೆಯನ್ನು 40ಕ್ಕೆ ಕೊಟ್ಟರೆ 2 ಕಿಲೋಗೆ 4 ರೂಪಾಯಿ ನಷ್ಟ. ಅದೇ ಗಿರಾಕಿ ಚಹಾಪುಡಿ, ಮಸಾಲೆ, ಸಾಬೂನು ಅಂತ 300 ರೂಪಾಯಿ ಸಾಮಾನು ಒಯ್ದು, ನೂರಕ್ಕೆ 12 ಉಳಿದರೆ 36 ಬಂತು. ನಷ್ಟ ಕಳೆದು 32 ಲಾಭ.

ಆದರೆ ಇದು ಹೊಸ ಗಿರಾಕಿಯ ಲೆಕ್ಕ. ಹಳಬರು ಹೇಗೂ ಬರುವವರೇ, ಅವರು ಬೇರೇನೂ ಹೆಚ್ಚು ಕೊಳ್ಳದಿದ್ದರೆ ಆ 4 ರೂಪಾಯಿ ಹೋದಂತೆಯೇ. ಹೋಟೆಲಿನವರು ಚೀಲಗಟ್ಟಲೆ ಒಯ್ಯದಂತೆ 'ಒಬ್ಬರಿಗೆ 2 ಕಿಲೋ' ಎಂದು ಬೋರ್ಡಿನಲ್ಲೇ ಬರೆಯಿರಿ. ವಾರದ ಒಟ್ಟು ಲಾಭ ಹಿಂದಿನ ವಾರಕ್ಕಿಂತ ಹೆಚ್ಚದಿದ್ದರೆ ಬೋರ್ಡು ಇಳಿಸಿಬಿಡಿ.